‘ಅಜೆಂಡಾ ಈಸ್’ ಸರಿ, ‘ಕ್ರೈಟೀರಿಯಾ ಈಸ್’ ಯಾಕೆ ತಪ್ಪು?

ಪ್ರಶ್ನೆ: ‘ದಿ ಕ್ರೈಟೀರಿಯಾ ಈಸ್’ ಅಂತ ಮೇಲ್ ಬರೆದಿದ್ದಕ್ಕೆ ನಮ್ಮ ಮ್ಯಾನೇಜರ್ ಎಲ್ಲರಿಗೂ ಕಾಪಿ ಹಾಕಿ ತಿದ್ದಿದರು. ಅವರೇ ‘ದಿ ಅಜೆಂಡಾ ಈಸ್’ ಅಂತ ಬರೀತಾರೆ. ಎರಡೂ ಲ್ಯಾಟಿನ್ ಬಹುವಚನ ತಾನೆ? ಇದರಲ್ಲಿ ನಿಯಮ ಏನಾದರೂ ಇದೆಯಾ?

ಎರಡು ಕಡೆಯೂ ನಿಮ್ಮ ಮ್ಯಾನೇಜರೇ ಸರಿ. ಎಲ್ಲರಿಗೂ ಕಾಪಿ ಹಾಕಿದ್ದು ಮಾತ್ರ ಸರಿಯಲ್ಲ.

ಕ್ರೈಟೀರಿಯಾ ಲ್ಯಾಟಿನ್ ಅಲ್ಲ, ಗ್ರೀಕ್. ಹಾಗಂತ ಮೂಲ ತಿಳಿದುಕೊಂಡರೆ ಉತ್ತರ ಸಿಗುತ್ತದೆ ಎಂದುಕೊಳ್ಳಬೇಡಿ. ಮೂಲ ನೋಡಿಕೊಂಡು ಕ್ರಿಯಾಪದ ಹಾಕುವುದಾದರೆ ‘ಸ್ಟ್ಯಾಮಿನಾ ಆರ್’ ಅಂತ ಬರೆಯಬೇಕಾಗುತ್ತದೆ. ಅದೂ ಲ್ಯಾಟಿನ್‌ನಲ್ಲಿ ಬಹುವಚನವೇ, ಏಕವಚನ ಸ್ಟೇಮೆನ್. ಯಾರೂ ಹಾಗೆ ಬರೆಯುವುದಿಲ್ಲ. ನೋಡಬೇಕಾದ್ದು ಆ ಪದ ಇವತ್ತಿನ ಇಂಗ್ಲಿಷಿನಲ್ಲಿ ಹೇಗೆ ನಡೆಯುತ್ತಿದೆ ಎಂಬುದನ್ನು, ಅಷ್ಟೇ.

ಅಜೆಂಡಾ ಎಂದರೆ ಲ್ಯಾಟಿನ್‌ನಲ್ಲಿ ಮಾಡಬೇಕಾದ ಕೆಲಸಗಳು. ಒಂದೊಂದು ಕೆಲಸ ಒಂದೊಂದು ಅಜೆಂಡಮ್. ಇಂಗ್ಲಿಷಿನವರು ಆ ಕೆಲಸಗಳ ಪಟ್ಟಿಯನ್ನೇ ಅಜೆಂಡಾ ಎಂದು ಕರೆದರು. ಪಟ್ಟಿ ಒಂದೇ ಆದ್ದರಿಂದ ಪದವೂ ಏಕವಚನವಾಯಿತು. ಪಟ್ಟಿಯೊಳಗಿನ ವಿಷಯಕ್ಕೆ ‘ಅಜೆಂಡಾ ಐಟಂ’ ಎಂಬ ಹೊಸ ಹೆಸರು ಬಂತು. ಎರಡು ಮೀಟಿಂಗ್ ಇದ್ದರೆ ‘ಅಜೆಂಡಾಸ್’. ನಮ್ಮ ಬಸ್ ಕಂಡಕ್ಟರ್ ‘ಒಬ್ರು ಲೇಡೀಸ್ ಇಳೀತಾರೆ, ತಡೀರಿ’ ಅನ್ನುತ್ತಾರಲ್ಲ, ಅದೇ ಥರ. ಬಹುವಚನ ಎಂಬುದೇ ಮರೆತುಹೋಗಿದೆ, ಯಾರಿಗೂ ತೊಂದರೆಯೂ ಇಲ್ಲ.

ಕ್ರೈಟೀರಿಯಾ ಆ ಹಂತಕ್ಕೆ ಇನ್ನೂ ಬಂದಿಲ್ಲ. ಅಜೆಂಡಮ್ ಈಗ ಯಾರ ಬಾಯಲ್ಲೂ ಇಲ್ಲ. ಆದರೆ ಕ್ರೈಟೀರಿಯನ್ ದಿನಾ ಬಳಕೆಯಲ್ಲಿದೆ. ಏಕವಚನಕ್ಕೆ ಒಂದು ಪದ ಕಣ್ಣೆದುರಿಗೇ ಇರುವಾಗ ಬಹುವಚನವನ್ನು ಎಳೆದು ತಂದು ಆ ಜಾಗದಲ್ಲಿ ಕೂರಿಸಿದರೆ ಓದುವವರಿಗೆ ಎದ್ದು ಕಾಣುತ್ತದೆ. ಮಾತಿನಲ್ಲಿ ‘ದಿಸ್ ಕ್ರೈಟೀರಿಯಾ’ ಅನ್ನುವವರು ಇಂಗ್ಲೆಂಡ್, ಅಮೆರಿಕದಲ್ಲೂ ಬೇಕಾದಷ್ಟು ಜನ ಇದ್ದಾರೆ. ಬರವಣಿಗೆಯನ್ನು ಜೋಪಾನ ಮಾಡುವವರು ಮಾತ್ರ ಇನ್ನೂ ಒಪ್ಪಿಲ್ಲ. ನಿಮ್ಮ ಮೇಲ್ ಓದುವ ಕ್ಲೈಂಟ್ ಆ ಪೈಕಿ ಇರಬಹುದು. ‘ಕ್ರೈಟೀರಿಯಾಸ್’ ಅಂತೂ ಯಾವ ಲೆಕ್ಕಕ್ಕೂ ಇಲ್ಲ.

ನಮ್ಮವರು ಇಲ್ಲಿ ಎಡವುವುದಕ್ಕೆ ಇನ್ನೊಂದು ಕಾರಣ ಕನ್ನಡವೇ. ‘ಮೂರು ಕಂಡೀಷನ್ ಇದೆ’ ಅಂತ ನಾವು ಆರಾಮಾಗಿ ಹೇಳುತ್ತೇವೆ. ಸಂಖ್ಯೆ ಹೇಳಿದ ಮೇಲೆ ‘ಗಳು’ ಯಾಕೆ, ‘ಇವೆ’ ಯಾಕೆ ಅನ್ನುವುದು ನಮ್ಮ ಮಾತಿನ ಅಭ್ಯಾಸ. ಅದೇ ಅಭ್ಯಾಸ ಇಂಗ್ಲಿಷ್ ಮೇಲ್‌ಗೂ ಇಳಿಯುತ್ತದೆ. ಅದರಲ್ಲೂ ಕೊನೆಗೆ ಎಸ್ ಇಲ್ಲದ ಪದ ಸಿಕ್ಕಿದರೆ ಕೇಳುವುದೇ ಬೇಡ.

ತಿದ್ದಿಸಿಕೊಂಡವರು ಮುಂದಿನ ವಾರ ಬೇರೆ ತಪ್ಪು ಮಾಡುತ್ತಾರೆ: ‘ಒನ್ ಆಫ್ ದಿ ಕ್ರೈಟೀರಿಯಾ ಆರ್’. ಇಲ್ಲಿ ‘ಈಸ್’ ಬರಬೇಕು. ಯಾಕೆಂದರೆ ಕ್ರಿಯಾಪದ ‘ಒನ್’ ಜೊತೆ ಹೋಗುತ್ತದೆ. ‘ಒನ್ ಆಫ್ ದಿ ಕ್ರೈಟೀರಿಯನ್’ ಕೂಡ ತಪ್ಪು. ಹಲವುಗಳಲ್ಲಿ ಒಂದು ಅನ್ನುವಾಗ ಆ ಹಲವು ಬಹುವಚನದಲ್ಲೇ ಇರಬೇಕಲ್ವಾ?

ಇದು ಬರೀ ವ್ಯಾಕರಣದ ರಗಳೆ ಅಂದುಕೊಂಡಿದ್ದರೆ ಅಡೆಂಡಾ ಕಡೆ ನೋಡಿ. ಅಲ್ಲಿ ದುಡ್ಡಿನ ಮಾತು ಬರುತ್ತದೆ. ಟೆಂಡರ್ ಕರೆದ ಮೇಲೆ ಹೊಸದಾಗಿ ಸೇರಿಸಿದ ಕಾಗದ ಅಡೆಂಡಮ್. ಹಿಂದಿನ ತಪ್ಪು ತಿದ್ದಿದ ಕಾಗದ ಕಾರಿಜೆಂಡಮ್. ಒಂದಕ್ಕಿಂತ ಜಾಸ್ತಿ ಇದ್ದರೆ ಅಡೆಂಡಾ, ಕಾರಿಜೆಂಡಾ. ಈಗ ಒಂದು ಮೇಲ್ ಹೀಗಿದೆ ಎನ್ನಿ: ‘ಪ್ಲೀಸ್ ಫೈಂಡ್ ಅಟ್ಯಾಚ್ಡ್ ದಿ ಅಡೆಂಡಾ. ದಿ ಸೇಮ್ ಈಸ್ ಟು ಬಿ ಸೈನ್ಡ್ ಅಂಡ್ ರಿಟರ್ನ್ಡ್ ಬೈ ಫ್ರೈಡೇ.’ ಕೆಳಗೆ ಎರಡು ಪಿಡಿಎಫ್. ಮೊದಲನೆಯದು ಕೊನೆಯ ದಿನಾಂಕ ಮುಂದೆ ಹಾಕಿದೆ. ಎರಡನೆಯದು ಪೈಪಿನ ಅಳತೆ 400 ಮೀಟರ್‌ನಿಂದ 650ಕ್ಕೆ ಏರಿಸಿದೆ. ಓದಿದವನಿಗೆ ‘ಈಸ್’ ಕಂಡಿತು, ಒಂದೇ ಕಾಗದ ಅಂದುಕೊಂಡ. ಮೊದಲ ಫೈಲ್ ತೆರೆದ, ಸಹಿ ಮಾಡಿ ಕಳಿಸಿದ. ರೇಟು ಹಾಕಿದ್ದು 400 ಮೀಟರಿಗೆ. ಟೆಂಡರ್‌ನಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಅಡೆಂಡಮ್ ಸಿಕ್ಕಿದೆ ಎಂದು ಒಪ್ಪಿ ಸಹಿ ಹಾಕಬೇಕಿರುತ್ತದೆ. ಒಂದು ಬಿಟ್ಟುಹೋದರೂ ಬಿಡ್ ಪಕ್ಕಕ್ಕೆ ಇಡುವ ಸಾಧ್ಯತೆ ಇದೆ.

ಇಲ್ಲಿ ‘ಈಸ್’ ತೆಗೆದು ‘ಆರ್’ ಹಾಕಿದರೆ ವ್ಯಾಕರಣ ಸರಿಯಾಗುತ್ತದೆ. ಅಪಾಯ ಪೂರ್ತಿ ಹೋಗುವುದಿಲ್ಲ. ಎಷ್ಟು ಕಾಗದ ಎಂದು ಒಂದು ‘ಆ’ಕಾರದಿಂದ ಓದುಗ ಊಹಿಸಬೇಕು ಎನ್ನುವುದೇ ಅನ್ಯಾಯ. ನಾನು ತಿದ್ದುವುದು ಹೀಗೆ: ‘ಅಡೆಂಡಮ್ 1 ಅಂಡ್ ಅಡೆಂಡಮ್ 2 ಆರ್ ಅಟ್ಯಾಚ್ಡ್. ಪ್ಲೀಸ್ ಸೈನ್ ಅಂಡ್ ರಿಟರ್ನ್ ಬೋತ್ ಬೈ ಫ್ರೈಡೇ.’ ಸಂಖ್ಯೆ ಬಂತು, ‘ಬೋತ್’ ಬಂತು, ‘ದಿ ಸೇಮ್’ ಹೋಯಿತು. ಫೈಲಿಗೂ ಅದೇ ಹೆಸರು ಕೊಡಿ: `Addendum_1.pdf`, `Addendum_2.pdf`. ಆಮೇಲೆ ‘ಅಡೆಂಡಮ್ಸ್ ಅನ್ನಬಹುದಾ’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅನ್ನಬಹುದು, ನಿಘಂಟುಗಳಲ್ಲೂ ಇದೆ. ‘ಅಡೆಂಡಾಸ್’ ಮಾತ್ರ ಬೇಡ.

ಕ್ರೈಟೀರಿಯನ್ ಎಂದು ಬರೆಯಲು ಕೈ ಬರದಿದ್ದರೆ ‘ರಿಕ್ವೈರ್‌ಮೆಂಟ್’ ಎನ್ನಿ. ಎಸ್ ಹಾಕಿದರೆ ಬಹುವಚನ, ತೆಗೆದರೆ ಏಕವಚನ. ಗಡಿಬಿಡಿಯ ಮೇಲ್‌ಗಳಲ್ಲಿ ನಾನೂ ಅದನ್ನೇ ಬರೆಯುತ್ತೇನೆ.

ಪ್ರಶ್ನೆ: ರಿಪೋರ್ಟಿನಲ್ಲಿ ‘ತ್ರೀ ಅನಾಲಿಸಿಸ್’ ಅಂತ ಬರೆದೆ. ಸ್ಪೆಲ್‌ಚೆಕ್ ಕೆಂಪು ಗೆರೆ ಹಾಕಲಿಲ್ಲ. ಸರಿ ಇದೆ ಅಂತ ತಾನೆ?

ಇಲ್ಲ. ಕಾಗುಣಿತ ಸರಿ ಇದೆ ಅಂತ ಮಾತ್ರ. ಒಂದಿದ್ದರೆ ಅನಾಲಿಸಿಸ್, ಹಲವಿದ್ದರೆ ಅನಾಲಿಸೀಸ್. ಕೊನೆಯಿಂದ ಎರಡನೆಯ ಅಕ್ಷರ ಐ ಹೋಗಿ ಇ ಆಗುತ್ತದೆ. ಎರಡೂ ನಿಜವಾದ ಪದಗಳೇ ಆದ್ದರಿಂದ ಸ್ಪೆಲ್‌ಚೆಕ್ ಸುಮ್ನೆ ಕೂರುತ್ತದೆ. ಬ್ರಿಟಿಷ್ ಕಾಗುಣಿತದಲ್ಲಿ ‘ಆಕೆ ವಿಶ್ಲೇಷಿಸುತ್ತಾಳೆ’ ಎನ್ನುವ ಕ್ರಿಯಾಪದಕ್ಕೂ ಈ ಇ ಇರುವ ಸ್ಪೆಲಿಂಗೇ, ಉಚ್ಚಾರ ಮಾತ್ರ ಬೇರೆ. ಇದನ್ನೇ ಅನುಕರಿಸಿ ಮೀಟಿಂಗಿನಲ್ಲಿ ‘ಪ್ರಾಸೆಸೀಸ್’ ಎಂದು ಎಳೆಯುವವರು ಜಾಸ್ತಿಯಾಗಿದ್ದಾರೆ. ಪ್ರಾಸೆಸ್‌ಗೆ ಆ ಎಳೆತ ಬೇಕಿಲ್ಲ. ಅದು ಬರೀ ಪ್ರಾಸೆಸಸ್.

ಪ್ರಶ್ನೆ: ‘ಅಮ್’ ಇದ್ದರೆ ‘ಆ’, ‘ಅಸ್’ ಇದ್ದರೆ ‘ಐ’ ಅಂತ ನಮ್ಮ ಕೋಚಿಂಗ್ ಕ್ಲಾಸಿನಲ್ಲಿ ಹೇಳಿಕೊಟ್ಟರು. ಸ್ಟೇಟಸ್‌ಗೆ ‘ಸ್ಟೇಟೈ’ ಆಗುತ್ತಾ?

ಫೀಸು ವಾಪಸ್ ಕೇಳಿ. ಲ್ಯಾಟಿನ್‌ನಲ್ಲೇ ಸ್ಟೇಟಸ್ ಬೇರೆ ಗುಂಪಿನ ಪದ, ಅದರ ಬಹುವಚನದಲ್ಲಿ ಐ ಬರುವುದೇ ಇಲ್ಲ. ಈ ಒಂದು ಸಾಲಿನ ಮಂತ್ರ ನಂಬಿದರೆ ಆಮ್ನಿಬಸ್‌ಗೂ ಐ ಹಚ್ಚಬೇಕು. ಅದೋ ‘ಎಲ್ಲರಿಗಾಗಿ’ ಎಂಬ ಅರ್ಥದ ಪದ, ಆಗಲೇ ಬಹುವಚನದ ರೂಪ. ಸ್ಟೇಟಸ್, ಬೋನಸ್, ಪ್ರಾಸ್ಪೆಕ್ಟಸ್, ವೈರಸ್ ಎಲ್ಲಕ್ಕೂ ಇಎಸ್ ಸಾಕು. ಮೇಲ್‌ನಲ್ಲಿ ‘ಸ್ಟೇಟಸ್ ಅಪ್‌ಡೇಟ್ಸ್’ ಎಂದರೆ ಇನ್ನೂ ಚೆನ್ನ.

ಪ್ರಶ್ನೆ: ‘ಡೇಟಾ ಈಸ್’ ಸರಿಯೋ, ‘ಡೇಟಾ ಆರ್’ ಸರಿಯೋ?

ಆಫೀಸಿನಲ್ಲಿ ‘ಈಸ್’. ಸಂಶೋಧನಾ ಲೇಖನವಾದರೆ ಆ ಪತ್ರಿಕೆಯವರು ಹೇಳಿದ್ದು. ಇದಕ್ಕೆ ಜಗಳ ಆಡುವವರ ಜೊತೆ ಸೇರಬೇಡಿ.

ಪ್ರಶ್ನೆ: ಹತ್ತು ಜನರ ಸಿವಿ ಕಳಿಸುವಾಗ ‘ಕರಿಕ್ಯುಲಾ ವೀಟೇ’ ಅಂತ ಬರೆದರೆ ಎಚ್‌ಆರ್‌ಗೆ ಒಳ್ಳೆ ಅಭಿಪ್ರಾಯ ಬರುತ್ತಾ?

ಬರುವುದಿಲ್ಲ. ‘ಸಿವೀಸ್’ ಎಂದು ಬರೆಯಿರಿ, ಎಸ್‌ಗೆ ಮುಂಚೆ ಅಪಾಸ್ಟ್ರಫಿ ಹಾಕಬೇಡಿ, ಹತ್ತೂ ಅಟ್ಯಾಚ್ ಆಗಿವೆಯಾ ಎಂದು ಎಣಿಸಿ ಕಳಿಸಿ.