60 ಮೀಟರ್ ವೈರ್ ಯಾಕೆ?

"ಬೋರ್ಡ್‌ನಿಂದ 8 ಮೀಟರ್ ದೂರದ ಒಂದು ಪ್ಲಗ್ ಪಾಯಿಂಟ್‌ಗೆ ಎಲೆಕ್ಟ್ರಿಷಿಯನ್ ಲೆಕ್ಕದಲ್ಲಿ 60 ಮೀಟರ್ ವೈರ್, ಪಾಯಿಂಟ್ ಕೂಲಿ, ಗೋಡೆ ಕೊರೆಯೋ ಕೂಲಿ ಬೇರೆ ಹಾಕಿದ್ದಾರೆ. ಜಾಸ್ತಿ ಅಲ್ವಾ?"

ವೈರ್ ಜಾಸ್ತಿಯೇ. ಆದರೆ ಮೊದಲು ಟೇಪ್ ಹಿಡಿದು ಪೈಪ್ ಹೋಗುವ ದಾರಿಯನ್ನೇ ಅಳೆಯಿರಿ. ಹತ್ತಿ ಇಳಿಯುವುದೂ ಸೇರಬೇಕು. ಅದೂ 8 ಮೀಟರ್ರೇ ಆದರೆ ಫೇಸ್, ನ್ಯೂಟ್ರಲ್, ಅರ್ತ್ ಮೂರಕ್ಕೂ ಸೇರಿ 24 ಮೀಟರ್. ತುದಿಗಳಿಗೆ, ವೇಸ್ಟಿಗೆ ಇನ್ನು ಮೂರು ಮೀಟರ್ ಸಾಕು. ಪೂರ್ತಿ ಕಾಯಿಲ್‌ಗೆ ದುಡ್ಡು ಹಾಕಿದ್ದರೆ ಉಳಿದ ವೈರ್ ನಿಮ್ಮದೇ, ಕೇಳಿ ಇಟ್ಟುಕೊಳ್ಳಿ.

ಕೂಲಿ ವಿಷಯದಲ್ಲಿ ಮಾತ್ರ ದುಡುಕಬೇಡಿ. ಕೆಲವರ ಪಾಯಿಂಟ್ ರೇಟಿನಲ್ಲಿ ಕೊರೆಯುವುದು, ಪೈಪ್ ಕೂರಿಸುವುದು, ವೈರ್ ಎಳೆಯುವುದು ಎಲ್ಲಾ ಸೇರಿರುತ್ತದೆ. ಇನ್ನು ಕೆಲವರದ್ದು ಬರೀ ವೈರ್ ಎಳೆದು ಸಾಕೆಟ್ ಕೂರಿಸುವ ಕೂಲಿ. "ಪಾಯಿಂಟ್ ರೇಟಿನಲ್ಲಿ ಏನೇನಿದೆ, ಬರೆದುಕೊಡಿ" ಅನ್ನಿ. ಅದರಲ್ಲಿ ಕೊರೆತವೂ ಇದ್ದರೆ, ಒಂದೇ ಕೆಲಸಕ್ಕೆ ಎರಡು ಸಲ ಕೂಲಿ ಹಾಕಿದ್ದಾರೆ.