ಬಿಪಿ, ಕೊಲೆಸ್ಟ್ರಾಲ್ ಎರಡೂ ಇರುವಾಗ ಬೊಜ್ಜು ಕರಗಿಸುವುದು ಹೇಗೆ?

ಪ್ರಶ್ನೆ: ವಯಸ್ಸು 46, ಊರು ತುಮಕೂರು, ತೂಕ 84 ಕೆ.ಜಿ. ಹೋದ ವಾರ ಬಿಪಿ 150/96, ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 162 ಬಂತು. ಡಾಕ್ಟರು ಬಿಪಿಗೆ ಟೆಲ್ಮಿಸಾರ್ಟನ್ 40, ಕೊಲೆಸ್ಟ್ರಾಲ್‌ಗೆ ರೋಸುವಸ್ಟಾಟಿನ್ 10 ಬರೆದಿದ್ದಾರೆ. ತೂಕ ಇಳಿಸಲೇಬೇಕು. ಲೋ ಸೋಡಿಯಂ ಉಪ್ಪು ತರಲಾ? ಜಿಮ್‌ಗೆ ಸೇರಬಹುದಾ? ತೂಕ ಇಳಿದ ಮೇಲೆ ಮಾತ್ರೆ ಬಿಡಬಹುದಾ? ಮನೆಯಲ್ಲಿ ನಾಲ್ಕು ಜನ, ಒಂದೇ ಅಡುಗೆ.

ಉತ್ತರ:

ನಾನು ದಾವಣಗೆರೆಯ ಒಂದು ಕ್ಲಿನಿಕ್‌ನಲ್ಲಿ ಆಹಾರತಜ್ಞೆಯಾಗಿ ಕೆಲಸ ಮಾಡುತ್ತೇನೆ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ನಿಮ್ಮ ಹಾಗೆಯೇ ಎರಡು ಮಾತ್ರೆಗಳ ಚೀಟಿ ಹಿಡಿದು ಬಂದವರು. ಮಾತ್ರೆ ತೆಗೆದುಕೊಳ್ಳುವವರು ತೂಕ ಇಳಿಸುವಾಗ ಊಟ, ವ್ಯಾಯಾಮ, ಮಾತ್ರೆ ಮೂರೂ ಒಂದರ ಮೇಲೊಂದು ಪರಿಣಾಮ ಬೀರುತ್ತವೆ. ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರ ಅಲ್ಲೇ ಇದೆ.

ಲೋ ಸೋಡಿಯಂ ಉಪ್ಪನ್ನು ಸದ್ಯಕ್ಕೆ ತರಬೇಡಿ. ಅದರಲ್ಲಿ ಸೋಡಿಯಂ ಕ್ಲೋರೈಡ್‌ನ ಒಂದು ಭಾಗ ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಕಿಡ್ನಿ ಸರಿಯಿದ್ದು, ಇಂಥ ಮಾತ್ರೆ ತೆಗೆದುಕೊಳ್ಳದವರಿಗೆ ಅದು ಒಳ್ಳೆಯದೇ. ಆದರೆ ಟೆಲ್ಮಿಸಾರ್ಟನ್ ದೇಹದಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುವ ಮಾತ್ರೆ. ಎರಡೂ ಸೇರಿ, ಜೊತೆಗೆ ಕಿಡ್ನಿ ಸ್ವಲ್ಪ ಮಂದವಾಗಿದ್ದರೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಏರುತ್ತಿರುವುದು ಮೈಗೆ ಗೊತ್ತಾಗುವುದೇ ಇಲ್ಲ ಎಂಬುದು ಇದರ ಅಪಾಯ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ, ಡಾಕ್ಟರು ಒಪ್ಪಿದರೆ ಮಾತ್ರ ತನ್ನಿ. ದಿನಾ ಎಳನೀರು ಕುಡಿಯುವ ಅಭ್ಯಾಸವಿದ್ದರೆ ಅದನ್ನೂ ಅವರಿಗೆ ಹೇಳಿ. ಅದರಲ್ಲೂ ಪೊಟ್ಯಾಸಿಯಂ ಸಾಕಷ್ಟಿದೆ. ಸೈಂಧವ ಲವಣವನ್ನು ಆರೋಗ್ಯದ ಉಪ್ಪು ಅಂತ ಕೊಳ್ಳುವವರೂ ಇದ್ದಾರೆ. ಬಿಪಿ ಲೆಕ್ಕದಲ್ಲಿ ಅದೂ ಉಪ್ಪೇ.

ಹಾಗಾದರೆ ಮಾಮೂಲಿ ಉಪ್ಪನ್ನೇ ಕಡಿಮೆ ಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ, ಅಂದರೆ ಸುಮಾರು ಒಂದು ಮಟ್ಟ ಟೀ ಚಮಚ. ಆದರೆ ಸಾರಿಗೆ ಹಾಕಿದ ಉಪ್ಪಿನಲ್ಲಿ ನಿಮ್ಮ ಪಾಲೆಷ್ಟು ಅಂತ ಅಳೆಯುವುದು ಹೇಗೆ? ನಾನು ಎಲ್ಲರಿಗೂ ಪ್ಯಾಕೆಟ್ಟಿನ ಲೆಕ್ಕ ಹೇಳಿಕೊಡುತ್ತೇನೆ. ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ಜನರಿಗೆ ದಿನಕ್ಕೆ 20 ಗ್ರಾಂ ಅಂದರೆ ಒಂದು ಕಿಲೋ 50 ದಿನ ಬರಬೇಕು. 30 ದಿನಕ್ಕೇ ಮುಗಿದರೆ ತಲೆಗೆ 8 ಗ್ರಾಂ ದಾಟಿದೆ ಅಂತ ಅರ್ಥ. ತರಕಾರಿ ತೊಳೆಯಲು ಬಳಸಿದ್ದು, ಚೆಲ್ಲಿದ್ದು ಕಳೆದರೂ ಅಂದಾಜು ಸಿಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಈ ಲೆಕ್ಕದ ಹೊರಗೆ ಉಳಿಯುತ್ತವೆ ಅನ್ನುವುದೂ ನೆನಪಿರಲಿ. ಒಂದು ಚಮಚ ಉಪ್ಪಿನಕಾಯಿಯಲ್ಲೇ ಒಂದರಿಂದ ಎರಡು ಗ್ರಾಂ ಉಪ್ಪು ಇರಬಹುದು.

ಒಂದೇ ಸಲ ಅರ್ಧಕ್ಕೆ ಇಳಿಸಿದರೆ ಮನೆಮಂದಿ ಮೂರನೇ ದಿನಕ್ಕೇ ತಟ್ಟೆ ಪಕ್ಕ ಉಪ್ಪು ಇಟ್ಟುಕೊಳ್ಳುತ್ತಾರೆ. ಬದಲಿಗೆ ಉಪ್ಪನ್ನು ಒಂದೇ ಕಡೆ ಉಳಿಸಿಕೊಳ್ಳಿ. ಸಾರು, ಪಲ್ಯಕ್ಕೆ ಇರಲಿ. ಅನ್ನಕ್ಕೆ, ಚಪಾತಿ ಹಿಟ್ಟಿಗೆ, ಮುದ್ದೆಗೆ, ಮಜ್ಜಿಗೆಗೆ ಬೇಡ. ತುಮಕೂರಿನ ಕಡೆ ಮುದ್ದೆಗೆ ಉಪ್ಪು ಹಾಕದೆ ತಿರುವುವ ಮನೆಗಳು ಬೇಕಾದಷ್ಟಿವೆ, ಅದು ನಿಮಗೆ ಅನುಕೂಲವೇ. ಸಾರಿನ ಉಪ್ಪನ್ನು ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಸಿ. ಹುಣಸೆಹುಳಿ, ನಿಂಬೆ, ಕೊತ್ತಂಬರಿ ಒಂದಿಷ್ಟು ಮುಂದಿರಲಿ, ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ. ಪ್ಯಾಕೆಟ್ ತಿಂಡಿಯ ಹಿಂಭಾಗದಲ್ಲಿ ಸೋಡಿಯಂ ಎಷ್ಟು ಮಿಲಿಗ್ರಾಂ ಅಂತ ಬರೆದಿರುತ್ತದೋ ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. ನಮ್ಮೂರಿನ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗೆ ಅಂಥ ಚೀಟಿ ಇರುವುದಿಲ್ಲ. ಅದನ್ನು ದಿನದ ಸಂಜೆ ತಿಂಡಿಯಿಂದ ತಿಂಗಳಿಗೊಮ್ಮೆಯ ತಿಂಡಿಗೆ ಇಳಿಸಿ ಅಂತ ನಾನು ನೇರವಾಗಿಯೇ ಹೇಳುತ್ತೇನೆ.

ಉಪ್ಪು ಇಳಿಸಿದ ಮೊದಲ ವಾರ ತೂಕ ಒಂದೆರಡು ಕಿಲೋ ಇಳಿಯಬಹುದು. ಅದರಲ್ಲಿ ಹೆಚ್ಚಿನದು ನೀರು, ಕೊಬ್ಬಲ್ಲ. ಆಮೇಲೆ ವೇಗ ನಿಂತಿತು ಅಂತ ಊಟ ಬಿಡಲು ಹೋಗಬೇಡಿ. ನಿಮಗೆ ವಾರಕ್ಕೆ ಅರ್ಧ ಕಿಲೋ ಸರಿಯಾದ ವೇಗ. ಮೊದಲ ಗುರಿ 78ರಿಂದ 80 ಕೆ.ಜಿ. ಇರಲಿ.

ಇನ್ನು ನಾರು. ಎಲ್‌ಡಿಎಲ್ ಇಳಿಸುವುದು ನೀರಿನಲ್ಲಿ ಕರಗಿ ಲೋಳೆಯಾಗುವ ನಾರು. ಓಟ್ಸ್, ಬಾರ್ಲಿ, ಕಾಳು, ಬೆಂಡೆಕಾಯಿ, ಸೀಬೆಹಣ್ಣು, ಇಸಬ್ಗೋಲ್‌ನಲ್ಲಿ ಅದು ಇದೆ. ಆಹಾರ ಜೀರ್ಣವಾಗಲು ಯಕೃತ್ತು ಕೊಲೆಸ್ಟ್ರಾಲ್‌ನಿಂದ ಪಿತ್ತ ತಯಾರಿಸಿ ಕರುಳಿಗೆ ಬಿಡುತ್ತದೆ. ಸಾಮಾನ್ಯವಾಗಿ ಆ ಪಿತ್ತದ ಬಹುಪಾಲು ಮತ್ತೆ ಹೀರಿಕೊಂಡು ವಾಪಸಾಗುತ್ತದೆ. ಈ ಲೋಳೆ ಅದನ್ನು ಹಿಡಿದು ಮಲದ ಜೊತೆ ಹೊರಗೆ ಸಾಗಿಸುತ್ತದೆ. ಆಗ ಹೊಸ ಪಿತ್ತಕ್ಕಾಗಿ ಯಕೃತ್ತು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳಬೇಕಾಗುತ್ತದೆ.

ದಿನಕ್ಕೆ ಒಟ್ಟು ನಾರು 30 ಗ್ರಾಂ ಆಸುಪಾಸು ಬರಲಿ. ಬಿಳಿ ಅಕ್ಕಿಯಲ್ಲಿ 100 ಗ್ರಾಂಗೆ 3 ಗ್ರಾಂ ನಾರೂ ಇಲ್ಲ, ರಾಗಿಯಲ್ಲಿ ಸುಮಾರು 11, ಹೆಸರುಕಾಳಿನಲ್ಲಿ ಸುಮಾರು 17 ಇದೆ. ಮಧ್ಯಾಹ್ನ 80 ಗ್ರಾಂ ಹಿಟ್ಟಿನ ಒಂದು ಮುದ್ದೆ, ಜೊತೆಗೆ 40 ಗ್ರಾಂ ಹೆಸರುಕಾಳು ಹಾಕಿದ ಸೊಪ್ಪಿನ ಸಾರು ಅಂದುಕೊಳ್ಳಿ. ಅಲ್ಲಿಗೇ 15 ಗ್ರಾಂ ದಾಟಿತು. ಸಂಜೆ ಒಂದು ಸೀಬೆಹಣ್ಣು, ಎರಡು ಹೊತ್ತು ದೊಡ್ಡ ಬಟ್ಟಲು ತರಕಾರಿ ಪಲ್ಯ ಸೇರಿದರೆ ಲೆಕ್ಕ ತುಂಬುತ್ತದೆ. ಮುದ್ದೆಗೂ ಕ್ಯಾಲೊರಿ ಇದೆ. ಆರೋಗ್ಯಕ್ಕೆ ಒಳ್ಳೆಯದು ಅಂತ ಎರಡು ದೊಡ್ಡ ಮುದ್ದೆ ಉಂಡು ಮೇಲೆ ಅನ್ನವನ್ನೂ ಉಂಡರೆ ತೂಕ ಇಳಿಯುವುದಿಲ್ಲ. ಸಾರಿಗೆ ರುಬ್ಬುವ ತೆಂಗಿನಕಾಯಿಯನ್ನು ಅರ್ಧ ಮಾಡಿ, ಆ ಜಾಗಕ್ಕೆ ಬೇಯಿಸಿದ ಕಾಳನ್ನೇ ಸ್ವಲ್ಪ ರುಬ್ಬಿ ಹಾಕಿ. ಸಾರು ಗಟ್ಟಿಯಾಗುತ್ತದೆ, ಎಲ್‌ಡಿಎಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬೂ ಇಳಿಯುತ್ತದೆ.

ನಾರನ್ನು ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಏರಿಸಿ, ನೀರು ಹೆಚ್ಚಾಗಿ ಕುಡಿಯಿರಿ. ಇಲ್ಲದಿದ್ದರೆ ಹೊಟ್ಟೆ ಉಬ್ಬರ, ಮಲಬದ್ಧತೆ ಖಚಿತ. ಇಸಬ್ಗೋಲ್ ತೆಗೆದುಕೊಳ್ಳುವುದಾದರೆ ಒಂದು ಟೀ ಚಮಚದಿಂದ ಶುರುಮಾಡಿ, ತುಂಬು ಲೋಟ ನೀರಿನಲ್ಲಿ ಕಲಸಿ ತಕ್ಷಣ ಕುಡಿಯಿರಿ. ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ, ಏಕೆಂದರೆ ಅದರ ಲೋಳೆ ಮಾತ್ರೆ ಮೈಗೆ ಸೇರುವುದನ್ನು ತಡೆಯಬಹುದು.

ಜಿಮ್ ವಿಷಯ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ನಂತರ ಜಿಮ್ ಅಂದರೇ ಹೆದರುವವರು ನಮ್ಮಲ್ಲಿ ಹೆಚ್ಚಾದರು. ಆಗ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಮುಗಿಬಿದ್ದಿದ್ದರು. ಆ ದುಃಖ, ಆ ಭಯ ಎರಡೂ ನನಗೆ ಅರ್ಥವಾಗುತ್ತವೆ. ಆದರೆ ವ್ಯಾಯಾಮ ಬಿಟ್ಟು ಕೂರುವುದು ಬಿಪಿ ಇರುವವರಿಗೆ ಒಳ್ಳೆಯದಲ್ಲ. ಮಲಗಿಸಿ ತೆಗೆದ ಇಸಿಜಿ ಸರಿಯಿದೆ ಅಂತ ಮೊದಲ ದಿನವೇ ಭಾರ ಎತ್ತುವುದೂ ತಪ್ಪು. ರಕ್ತನಾಳದಲ್ಲಿ ತಡೆ ಇದ್ದರೂ ವಿಶ್ರಾಂತಿಯ ಇಸಿಜಿ ಸರಿಯಾಗಿಯೇ ಬರಬಹುದು. ನಡೆಯುವಾಗ ಎದೆ ಬಿಗಿತ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರು, ಸಕ್ಕರೆ ಕಾಯಿಲೆ, ಸಿಗರೇಟು, ಇವುಗಳಲ್ಲಿ ಯಾವುದಿದ್ದರೂ ಡಾಕ್ಟರಿಗೆ ಹೇಳಿ. ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಟಿಎಂಟಿ ಪರೀಕ್ಷೆ ಬೇಕೋ ಬೇಡವೋ ಅವರು ನಿರ್ಧರಿಸುತ್ತಾರೆ.

ಅಂಥದ್ದೇನೂ ಇಲ್ಲದಿದ್ದರೆ ನಡಿಗೆಯನ್ನು ಇವತ್ತೇ ಶುರುಮಾಡಬಹುದು. 15 ನಿಮಿಷದಿಂದ ಏರಿಸುತ್ತಾ ವಾರಕ್ಕೆ 150 ನಿಮಿಷಕ್ಕೆ ತನ್ನಿ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಕೊನೆಯ ಐದು ನಿಮಿಷ ನಿಧಾನವಾಗಿ ನಡೆದೇ ನಿಲ್ಲಿಸಿ. ಥಟ್ಟನೆ ನಿಂತರೆ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆ ಸುತ್ತಿ ಬೀಳುವಂತಾಗುತ್ತದೆ. ಬಿಪಿ ಹತೋಟಿಗೆ ಬಂದು ಡಾಕ್ಟರು ಒಪ್ಪಿದ ಮೇಲೆ ಜಿಮ್‌ಗೆ ಹೋಗಿ. ಸುಲಭವಾಗಿ 12ರಿಂದ 15 ಸಲ ಎತ್ತಬಹುದಾದ ಭಾರ ಆರಿಸಿಕೊಳ್ಳಿ, ಎತ್ತುವಾಗ ಉಸಿರು ಬಿಡಿ. ಉಸಿರು ಬಿಗಿಹಿಡಿದು ಎತ್ತಿದ ಕ್ಷಣ ಬಿಪಿ ವಿಪರೀತ ಜಿಗಿಯುತ್ತದೆ. ಶೀರ್ಷಾಸನ, ಕಪಾಲಭಾತಿ, ಕುಂಭಕ ಸದ್ಯಕ್ಕೆ ಬೇಡ. ಕೂತಿದ್ದಾಗಲೇ 180/110 ಮುಟ್ಟಿದ ದಿನ ವ್ಯಾಯಾಮ ಬೇಡ, ಡಾಕ್ಟರನ್ನು ಕಾಣಿ. ಎದೆ ಹಿಂಡಿದಂತಾಗಿ ದವಡೆಗೋ ತೋಳಿಗೋ ನೋವು ಹರಡಿದರೆ, ತಣ್ಣನೆ ಬೆವರು ಬಂದರೆ ಗ್ಯಾಸ್ ಇರಬೇಕು ಅಂತ ಕಾಯದೆ 108ಕ್ಕೆ ಫೋನ್ ಮಾಡಿ.

ಜಿಮ್ ಸೇರಿದವರಿಗೆ ಮೈಕೈ ನೋವು ಮಾಮೂಲಿ. ಕೆಲಸ ಕೊಟ್ಟ ಸ್ನಾಯುವಿನ ನೋವು ಎರಡು ಮೂರು ದಿನಕ್ಕೆ ಹೋಗುತ್ತದೆ. ಎರಡೂ ತೊಡೆ ಅಥವಾ ಎರಡೂ ಭುಜ ಒಂದೇ ತರಹ ನೋಯುತ್ತಾ, ವಾರವಾದರೂ ಹೋಗದಿದ್ದರೆ ಅದು ಸ್ಟಾಟಿನ್‌ನದ್ದಿರಬಹುದು, ಡಾಕ್ಟರಿಗೆ ತಿಳಿಸಿ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅದೇ ದಿನ ಹೋಗಿ. ಮೆಡಿಕಲ್ ಶಾಪ್‌ನಲ್ಲಿ ನೀವೇ ಕೇಳಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಬೇಡಿ. ಅವು ಬಿಪಿ ಏರಿಸುತ್ತವೆ, ಟೆಲ್ಮಿಸಾರ್ಟನ್ ಜೊತೆ ಸೇರಿ ಕಿಡ್ನಿಗೂ ಪೆಟ್ಟು ಕೊಡಬಹುದು. ಜಿಮ್‌ನಲ್ಲಿ ಯಾರಾದರೂ ಫ್ಯಾಟ್ ಬರ್ನರ್ ಕೊಟ್ಟರೂ ಬೇಡ ಅನ್ನಿ.

ಮಾತ್ರೆ ಬಿಡುವ ಮಾತಿಗೆ ಮೊದಲು ಮನೆಯಲ್ಲೇ ಬಿಪಿ ನೋಡುವುದು ಕಲಿಯಿರಿ. ತೋಳಿಗೆ ಸುತ್ತುವ ಮೆಷಿನ್ ತನ್ನಿ, ಮಣಿಕಟ್ಟಿನದು ಬೇಡ. ತೋಳು ದಪ್ಪವಿದ್ದರೆ ದೊಡ್ಡ ಪಟ್ಟಿ ಕೇಳಿ, ಚಿಕ್ಕ ಪಟ್ಟಿ ಬಿಪಿಯನ್ನು ಸುಳ್ಳೇ ಹೆಚ್ಚು ತೋರಿಸುತ್ತದೆ. ಬೆಳಿಗ್ಗೆ ಕಾಫಿಗೂ ಮಾತ್ರೆಗೂ ಮೊದಲು ಐದು ನಿಮಿಷ ಬೆನ್ನೊರಗಿಸಿ ಸುಮ್ಮನೆ ಕೂತು, ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಸಂಜೆಯೂ ಹಾಗೇ. ಡಾಕ್ಟರ ಭೇಟಿಗೆ ಮುಂಚಿನ ಒಂದು ವಾರ ಹೀಗೆ ಬರೆದುಕೊಂಡು ಹೋದರೆ ಅವರಿಗೆ ಅದು ಬಹಳ ಉಪಯೋಗ. ಮನೆಯ ಸರಾಸರಿ 135/85ರ ಒಳಗೆ ಬರಬೇಕು.

ತೂಕ ಒಂದು ಕಿಲೋ ಇಳಿದರೆ ಮೇಲಿನ ಬಿಪಿ ಸುಮಾರು ಒಂದು ಅಂಕಿ ಇಳಿಯುತ್ತದೆ ಅನ್ನುವುದು ಒಂದು ಅಂದಾಜು. ಉಪ್ಪು ಇಳಿದದ್ದರ ಲಾಭ ಬೇರೆ. ಹಾಗಾಗಿ 8 ಕಿಲೋ ಇಳಿದ ಹೊತ್ತಿಗೆ ಅದೇ 40 ಮಿಲಿಗ್ರಾಂ ನಿಮಗೆ ಜಾಸ್ತಿಯಾಗಬಹುದು. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು, ಮೇಲಿನ ಅಂಕಿ ಕೆಲವು ದಿನ ಸತತವಾಗಿ 110ರ ಕೆಳಗಿರುವುದು ಅದರ ಸೂಚನೆ. ಆಗ ಡಾಕ್ಟರೇ ಡೋಸ್ ಇಳಿಸುತ್ತಾರೆ, ಕೆಲವರಿಗೆ ನಿಲ್ಲಿಸುವುದೂ ಉಂಟು. ವಾಂತಿ ಭೇದಿಯಾದ ದಿನ, ನೀರೂ ಕುಡಿಯದ ಉಪವಾಸದ ದಿನ ಟೆಲ್ಮಿಸಾರ್ಟನ್ ತೆಗೆದುಕೊಳ್ಳಬೇಕಾ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಸ್ಟಾಟಿನ್ ಕಥೆ ಬೇರೆ. ತೂಕ ಇಳಿದಾಗ ಚೆನ್ನಾಗಿ ಇಳಿಯುವುದು ರಕ್ತದಲ್ಲಿರುವ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್. ಎಲ್‌ಡಿಎಲ್ ಅಷ್ಟಾಗಿ ಇಳಿಯುವುದಿಲ್ಲ. ಕೆಲವು ವಾರಗಳ ನಂತರ ನಿಮ್ಮ ವರದಿಯಲ್ಲಿ 162 ಇದ್ದದ್ದು 90ಕ್ಕೆ ಬಂದರೆ ಅದರಲ್ಲಿ ದೊಡ್ಡ ಪಾಲು ಮಾತ್ರೆಯದ್ದು. ರಿಪೋರ್ಟ್ ನಾರ್ಮಲ್ ಬಂತು ಅಂತ ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮೊದಲಿದ್ದಲ್ಲಿಗೇ ಏರುತ್ತದೆ, ಮೈಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಬಿಪಿ ಮಾತ್ರೆ ಇಳಿಯುವ ಸಾಧ್ಯತೆ ಇದೆ, ಸ್ಟಾಟಿನ್ ಮುಂದುವರಿಯುವ ಸಾಧ್ಯತೆಯೇ ಹೆಚ್ಚು ಅಂದುಕೊಂಡಿರಿ. ಥೈರಾಯ್ಡ್‌ನ ಟಿಎಸ್‌ಎಚ್ ಇನ್ನೂ ಮಾಡಿಸಿಲ್ಲದಿದ್ದರೆ ಈ ಸಲ ಡಾಕ್ಟರ ಹತ್ತಿರ ಕೇಳಿ. ಥೈರಾಯ್ಡ್ ಮಂದವಾಗಿದ್ದರೆ ತೂಕ, ಎಲ್‌ಡಿಎಲ್ ಎರಡೂ ಏರುತ್ತವೆ, ಸ್ಟಾಟಿನ್‌ನ ಸ್ನಾಯು ನೋವೂ ಬೇಗ ಕಾಡುತ್ತದೆ.