ಕೌಂಟರ್‌ಸಿಂಕ್ ಮೇಲಿನ ಡಯಾ ಲೆಕ್ಕ

"ಎಂ5 ಫ್ಲಾಟ್ ಹೆಡ್ ಸ್ಕ್ರೂಗೆ 5.5 ಎಂಎಂ ತೂತು ಹಾಕಿದೀನಿ, 90 ಡಿಗ್ರಿ ಟೂಲ್‌ನಲ್ಲಿ 2.4 ಎಂಎಂ ಇಳಿಸಿದ್ರೆ ಮೇಲ್ಗಡೆ ಡಯಾ ಎಷ್ಟು ಬರುತ್ತೆ?"

10.3 ಎಂಎಂ ಬರುತ್ತೆ ಗುರು. ಸೂತ್ರ ಇಷ್ಟೇ:

```
D = d + 2 × h × tan(θ/2)
```

D ಅಂದ್ರೆ ಮೇಲ್ಗಡೆ ಡಯಾ, d ಅಂದ್ರೆ ತೂತಿನ ಡಯಾ, h ಅಂದ್ರೆ ಇಳಿಜಾರು ಭಾಗದ ಆಳ, θ ಟೂಲ್‌ನ ಪೂರ್ತಿ ಕೋನ, ಅದರಲ್ಲಿ ಅರ್ಧ ತಗೋಬೇಕು, 45ರ ಟ್ಯಾನ್ 1 ಆಗಿರೋದ್ರಿಂದ ನಿಮಗೆ 5.5 + 4.8 ಅಷ್ಟೇ. ಆದ್ರೆ ಆಳನ ಎಲ್ಲಿಂದ ಅಳೀತೀರ ಅನ್ನೋದು ಮುಖ್ಯ, ಟೂಲ್ ತೂತಿನ ಅಂಚಿಗೆ ತಾಗಿದಾಗ ಸೊನ್ನೆ ಮಾಡ್ಕೊಂಡು ಇಳಿಸಿದ್ರೆ ಮಾತ್ರ ಈ ಲೆಕ್ಕ, ಚೂಪು ತುದಿ ಪ್ಲೇಟ್ ಮೇಲ್ಮೈಗೆ ಬಂದಾಗ ಸೊನ್ನೆ ಮಾಡಿದ್ರೆ d ಬಿಟ್ಟುಬಿಡಿ, ಆಗ ಅದೇ 2.4ಕ್ಕೆ ಬರೀ 4.8 ಬರುತ್ತೆ, ಅಂದ್ರೆ ಟೂಲ್ ತೂತಿನ ಅಂಚನ್ನ ಮುಟ್ಟೇ ಇರಲ್ಲ.

ಟೂಲ್ ಮೇಲೆ 82 ಅಂತ ಇದ್ಯಾ ನೋಡ್ಕೊಳ್ಳಿ, ಅದು ಅಮೆರಿಕದ ಇಂಚು ಸ್ಕ್ರೂದು, ಅದರಲ್ಲಿ 9.67 ಮಾತ್ರ ಬರುತ್ತೆ. ಸ್ಕ್ರೂ ತಲೆನ ವರ್ನಿಯರ್‌ನಲ್ಲಿ ಅಳೆದು, D ಅದಕ್ಕಿಂತ ಒಂಚೂರು ಜಾಸ್ತಿ ಇಟ್ಕೊಳ್ಳಿ.